ವಿದ್ಯುತ್ ಬಿಲ್ ಅಂದಾಜು ಮತ್ತು ಚಾವಣಿ ಸೌರ ಘಟಕದ ಹೂಡಿಕೆ ಲೆಕ್ಕ

ಮನೆಯ ತಿಂಗಳ ವಿದ್ಯುತ್ ಬಳಕೆ, ಮಂಜೂರಾದ ಲೋಡ್ ಮತ್ತು ಜಾರಿಯಲ್ಲಿರುವ ದರಪಟ್ಟಿ ಗೊತ್ತಿದ್ದರೆ ಬಿಲ್ಲಿನ ಮೊತ್ತವನ್ನು ಮೊದಲೇ ಕಂಡುಕೊಳ್ಳಬಹುದು. ಹೀಗೆ ಕಂಡುಕೊಳ್ಳುವ ಕ್ರಮಕ್ಕೆ ಬಿಲ್ ಅಂದಾಜು ಎನ್ನುತ್ತಾರೆ. ಕಾಗದದ ಮೇಲೆ, ಸ್ಪ್ರೆಡ್‌ಶೀಟ್‌ನಲ್ಲಿ ಅಥವಾ ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಮಿನಲ್ಲಿ ಇದನ್ನು ಮಾಡಬಹುದು. ಅದೇ ಲೆಕ್ಕವನ್ನು ಮುಂದುವರಿಸಿದರೆ, ತಾರಸಿಯ ಮೇಲೆ ಸೌರ ಫಲಕ ಹಾಕಿಸಿದಾಗ ಹಾಕಿದ ದುಡ್ಡು ಎಷ್ಟು ವರ್ಷದಲ್ಲಿ ವಾಪಸು ಬರುತ್ತದೆ ಎಂಬುದೂ ತಿಳಿಯುತ್ತದೆ. ಎರಡನ್ನೂ ಕಟ್ಟಿಹಾಕುವ ಸೂತ್ರ ಒಂದೇ: ಸೌರ ಘಟಕದ ಉಳಿತಾಯವೆಂದರೆ ಅದು ಇಲ್ಲದಿದ್ದಾಗಿನ ಬಿಲ್ಲಿಗೂ ಇದ್ದಾಗಿನ ಬಿಲ್ಲಿಗೂ ಇರುವ ವ್ಯತ್ಯಾಸ. ಬಿಲ್ಲಿನ ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ಬಂದ ಸರಾಸರಿ ದರವನ್ನು ಸೌರ ಉತ್ಪಾದನೆಗೆ ಗುಣಿಸುವ ರೂಢಿ ಇದೆ. ಅದು ಬಹುತೇಕ ದರಪಟ್ಟಿಗಳಲ್ಲಿ ತಪ್ಪು ಉತ್ತರ ಕೊಡುತ್ತದೆ. ಈ ಲೇಖನ ಕರ್ನಾಟಕದ ಗೃಹಬಳಕೆ ದರಗಳನ್ನು, ಮುಖ್ಯವಾಗಿ 2025-26ರ ದರವನ್ನು, ಆಧಾರವಾಗಿ ಇಟ್ಟುಕೊಂಡಿದೆ.

## ಬಿಲ್ಲಿನ ಅಂಗಗಳು

ಕರ್ನಾಟಕದಲ್ಲಿ ವಿದ್ಯುತ್ ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಆ ದರದಲ್ಲಿ ಬಿಲ್ ಕೊಡುತ್ತವೆ. ಮನೆಯ ಬಿಲ್ಲಿನಲ್ಲಿ ಹಲವು ಸಾಲುಗಳಿದ್ದರೂ ಲೆಕ್ಕದ ದೃಷ್ಟಿಯಿಂದ ಅವು ಎರಡೇ ಬಗೆ. ಕೆಲವು ಸಾಲುಗಳು ಬಳಕೆಯನ್ನು ಹಿಂಬಾಲಿಸುತ್ತವೆ, ಇನ್ನು ಕೆಲವು ಹಿಂಬಾಲಿಸುವುದಿಲ್ಲ.

ಬಳಕೆಯನ್ನು ಹಿಂಬಾಲಿಸದ ಮುಖ್ಯ ಸಾಲು ನಿಗದಿತ ಶುಲ್ಕ. ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಇದೆಯೋ ಅದರ ಮೇಲೆ ಇದನ್ನು ಹಾಕುತ್ತಾರೆ. 2025-26ರಲ್ಲಿ ಗೃಹಬಳಕೆಗೆ ಇದು ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ. ಮೂರು ಕಿಲೋವ್ಯಾಟ್ ಮಂಜೂರಾದ ಮನೆಯವರು ತಿಂಗಳೆಲ್ಲ ಬೀಗ ಹಾಕಿ ಊರಿಗೆ ಹೋದರೂ 435 ರೂಪಾಯಿ ಕಟ್ಟಬೇಕು.

ಬಳಕೆಯನ್ನು ಹಿಂಬಾಲಿಸುವ ಸಾಲುಗಳಲ್ಲಿ ದೊಡ್ಡದು ವಿದ್ಯುತ್ ಶುಲ್ಕ. 2025-26ರಲ್ಲಿ ಅದು ಯೂನಿಟ್‌ಗೆ 5.80 ರೂಪಾಯಿ. ಅದರ ಮೇಲೆ ರಾಜ್ಯ ಸರ್ಕಾರದ ವಿದ್ಯುತ್ ತೆರಿಗೆ ಶೇ. 9. ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ಸೇರಿತು. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಅದು ಯೂನಿಟ್‌ಗೆ ಇಷ್ಟು ಪೈಸೆ ಎಂದು ಬರುತ್ತದೆ, ಕೆಲವೊಮ್ಮೆ ಕಡಿತವಾಗಿಯೂ ಬರುತ್ತದೆ. ಹಾಗಾಗಿ ಅದನ್ನು ಊಹಿಸದೆ, ಹೊಸ ಬಿಲ್ಲಿನಲ್ಲಿ ಇರುವ ಅಂಕಿಯನ್ನೇ ತೆಗೆದುಕೊಳ್ಳಬೇಕು. ಇಲ್ಲಿನ ಉದಾಹರಣೆಗಳಲ್ಲಿ ಅದನ್ನು ಸೊನ್ನೆ ಎಂದು ಇಟ್ಟಿದೆ, ತೆರಿಗೆಯನ್ನು ವಿದ್ಯುತ್ ಶುಲ್ಕದ ಮೇಲೆ ಮಾತ್ರ ಹಾಕಿದೆ.

ಮೂರು ಕಿಲೋವ್ಯಾಟ್ ಲೋಡ್ ಇರುವ ಮನೆ ಒಂದು ತಿಂಗಳಲ್ಲಿ 260 ಯೂನಿಟ್ ಬಳಸಿದೆ ಎನ್ನೋಣ. ನಿಗದಿತ ಶುಲ್ಕ 435, ವಿದ್ಯುತ್ ಶುಲ್ಕ 1,508, ತೆರಿಗೆ 135.72, ಪಿಂಚಣಿ ಬಾಬ್ತು 93.60, ಒಟ್ಟು 2,172.32 ರೂಪಾಯಿ. ಇದನ್ನು 260ರಿಂದ ಭಾಗಿಸಿದರೆ ಯೂನಿಟ್‌ಗೆ 8.36 ರೂಪಾಯಿ ಬರುತ್ತದೆ. ಆದರೆ ಆ ಮನೆಯವರು ಒಂದು ಯೂನಿಟ್ ಕಡಿಮೆ ಬಳಸಿದರೆ ಉಳಿಯುವುದು 5.80, ಅದರ ತೆರಿಗೆ 52 ಪೈಸೆ ಮತ್ತು 36 ಪೈಸೆ ಸೇರಿ ಸುಮಾರು 6.68 ರೂಪಾಯಿ ಮಾತ್ರ. ಈ ಎರಡನೆಯ ಅಂಕಿಯನ್ನು ಅಂಚಿನ ದರ ಎಂದು ಕರೆಯಬಹುದು. ಸೌರ ಘಟಕದ ಲೆಕ್ಕಕ್ಕೆ ಬೇಕಾದದ್ದು ಇದು. ಸರಾಸರಿ ದರ ಹಿಡಿದವರು ಉಳಿತಾಯವನ್ನು ಕಾಲುಭಾಗ ಹೆಚ್ಚಿಸಿ ನೋಡುತ್ತಾರೆ, ಏಕೆಂದರೆ ಫಲಕಗಳು ಎಷ್ಟೇ ವಿದ್ಯುತ್ ಕೊಟ್ಟರೂ ನಿಗದಿತ ಶುಲ್ಕದಲ್ಲಿ ಒಂದು ರೂಪಾಯಿಯೂ ಇಳಿಯುವುದಿಲ್ಲ.

## ಸ್ಲ್ಯಾಬ್ ಲೆಕ್ಕದ ಎರಡು ಬಗೆ

ಬಳಕೆ ಏರಿದಂತೆ ದರವೂ ಏರುವ ಪದ್ಧತಿಗೆ ಸ್ಲ್ಯಾಬ್ ದರ ಎನ್ನುತ್ತಾರೆ. ಇದರಲ್ಲಿ ಎರಡು ಬಗೆಗಳಿವೆ. ಅಂದಾಜು ಹಾಕುವವರು ಹೆಚ್ಚಾಗಿ ಎಡವುವುದು ಇವೆರಡನ್ನು ಬೆರೆಸಿದಾಗ.

ಮೊದಲನೆಯದು ಮೆಟ್ಟಿಲು ಪದ್ಧತಿ. ಇಲ್ಲಿ ಪ್ರತಿ ಸ್ಲ್ಯಾಬಿನ ಯೂನಿಟ್‌ಗಳಿಗೆ ಆ ಸ್ಲ್ಯಾಬಿನ ದರವೇ ಅನ್ವಯ. ಮೇಲಿನ ಸ್ಲ್ಯಾಬಿಗೆ ಹೋದರೂ ಕೆಳಗಿನ ಯೂನಿಟ್‌ಗಳ ದರ ಬದಲಾಗುವುದಿಲ್ಲ. 2022-23ರಲ್ಲಿ ಬೆಂಗಳೂರಿನ ಮನೆಗಳಿಗೆ ಮೊದಲ 50 ಯೂನಿಟ್‌ಗೆ 4.15, ಮುಂದಿನ 50ಕ್ಕೆ 5.60, ಅದರ ಮುಂದಿನ 100ಕ್ಕೆ 7.15, 200 ದಾಟಿದ ಮೇಲೆ 8.20 ರೂಪಾಯಿ ಇತ್ತು. 260 ಯೂನಿಟ್ ಬಳಸಿದರೆ 207.50, 280, 715 ಮತ್ತು 492 ಕೂಡಿ 1,694.50 ರೂಪಾಯಿ ವಿದ್ಯುತ್ ಶುಲ್ಕ ಬರುತ್ತಿತ್ತು.

ಎರಡನೆಯದು ಜಿಗಿತದ ಪದ್ಧತಿ. ಇಲ್ಲಿ ಮಿತಿ ದಾಟಿದ ಕೂಡಲೇ ಮೊದಲ ಯೂನಿಟ್‌ನಿಂದ ಹಿಡಿದು ಎಲ್ಲಕ್ಕೂ ಮೇಲಿನ ದರ ಅನ್ವಯವಾಗುತ್ತದೆ. 2023-24ರ ದರಪಟ್ಟಿ ಈ ಬಗೆಯದು. 100 ಯೂನಿಟ್‌ವರೆಗೆ ಬಳಸಿದವರಿಗೆ ಯೂನಿಟ್‌ಗೆ 4.75, 100 ದಾಟಿದರೆ ಅಷ್ಟೂ ಯೂನಿಟ್‌ಗೆ 7 ರೂಪಾಯಿ. 100 ಯೂನಿಟ್‌ನ ಶುಲ್ಕ 475 ಆದರೆ 101ರ ಶುಲ್ಕ 707 ರೂಪಾಯಿ. ಒಂದೇ ಒಂದು ಯೂನಿಟ್‌ಗೆ 232 ರೂಪಾಯಿ, ತೆರಿಗೆ ಬೇರೆ.

ಒಂದೇ ದರಪಟ್ಟಿಯಲ್ಲಿ ಎರಡೂ ಬಗೆ ಇರುವುದುಂಟು. ಕಾಸರಗೋಡಿನ ಕನ್ನಡಿಗರು ಕಟ್ಟುವ ಕೇರಳದ ಬಿಲ್ಲಿನಲ್ಲಿ ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಪದ್ಧತಿ. ಅದನ್ನು ದಾಟಿದರೆ ಜಿಗಿತ. ಅಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್ ಬರುವ ಮನೆಗಳಿಗೆ ಈ ಮಿತಿಯೂ ಇಮ್ಮಡಿಯಾಗುತ್ತದೆ. ಹಾಗಾಗಿ ದರಪಟ್ಟಿಯ ಅಂಕಿಗಳನ್ನು ಓದುವ ಮೊದಲು ಅದರ ಕೆಳಗಿನ ಟಿಪ್ಪಣಿಯನ್ನು ಓದಬೇಕು. ಎರಡು ಬಗೆಗಳಲ್ಲಿ ಯಾವುದು ಎಂಬುದು ಅಲ್ಲಿ ಸಿಗುತ್ತದೆ.

## ಕರ್ನಾಟಕದಲ್ಲಿ ಸ್ಲ್ಯಾಬ್ ಕರಗಿದ ಬಗೆ

ಮೇಲಿನ ಕರ್ನಾಟಕದ ಎರಡು ಉದಾಹರಣೆಗಳೂ ಬೆನ್ನುಬೆನ್ನಿಗೆ ಬಂದ ವರ್ಷಗಳವು. 2022-23ರಲ್ಲಿ ನಾಲ್ಕು ಮೆಟ್ಟಿಲಿತ್ತು, 2023-24ರಲ್ಲಿ ಒಂದು ಜಿಗಿತ ಉಳಿಯಿತು. 2024ರ ಏಪ್ರಿಲ್‌ನಿಂದ ಅದೂ ಹೋಗಿ ಎಲ್ಲ ಯೂನಿಟ್‌ಗೂ 5.90 ರೂಪಾಯಿಯ ಒಂದೇ ದರ ಬಂತು. 2025ರ ಏಪ್ರಿಲ್‌ನಲ್ಲಿ ಆ ದರ ಹತ್ತು ಪೈಸೆ ಇಳಿದು 5.80 ಆಯಿತು.

ಇದೇ ಹೊತ್ತಿನಲ್ಲಿ ನಿಗದಿತ ಶುಲ್ಕ ಮೇಲಕ್ಕೆ ಹೋಯಿತು. ಕಿಲೋವ್ಯಾಟ್‌ಗೆ 2023-24ರಲ್ಲಿ 110, 2024-25ರಲ್ಲಿ 120, 2025-26ರಲ್ಲಿ 145 ರೂಪಾಯಿ. ತಂತಿ, ಪರಿವರ್ತಕ, ಉಪಕೇಂದ್ರಗಳ ಖರ್ಚು ಗ್ರಾಹಕರು ಎಷ್ಟು ಯೂನಿಟ್ ಬಳಸುತ್ತಾರೆ ಎಂಬುದರ ಮೇಲೆ ನಿಂತಿಲ್ಲ. ಅದನ್ನು ನಿಗದಿತ ಶುಲ್ಕದಲ್ಲೇ ವಸೂಲು ಮಾಡಬೇಕೆಂಬುದು ಈ ಬದಲಾವಣೆಯ ಹಿಂದಿನ ತರ್ಕ. ಹೆಚ್ಚು ಬಳಸುವ ಮನೆಗೆ ಇದರಿಂದ ಬಿಲ್ ಇಳಿಯಿತು. ಆದರೆ ಸೌರ ಘಟಕ ಹಾಕಿಸುವವರ ಲೆಕ್ಕ ಬಿಗಿಯಾಯಿತು. ಬಿಲ್ಲಿನಲ್ಲಿ ಉಳಿಸಬಹುದಾದ ಭಾಗ ಕುಗ್ಗಿ, ಉಳಿಸಲಾಗದ ಭಾಗ ಹಿಗ್ಗಿತು.

ಇದರ ಪರಿಣಾಮವನ್ನು ಒಂದು ತಿಂಗಳ ಮಟ್ಟದಲ್ಲಿ ನೋಡಬಹುದು. ಮೇಲಿನ ಮನೆ ಜೂನ್‌ನಲ್ಲಿ 260 ಯೂನಿಟ್ ಬಳಸಿತು, ಚಾವಣಿಯ ಘಟಕ 192 ಯೂನಿಟ್ ಕೊಟ್ಟಿತು, ಬಿಲ್ ಆಗುವುದು 68 ಯೂನಿಟ್ ಎನ್ನೋಣ. ತೆರಿಗೆ, ಪಿಂಚಣಿ ಬಾಬ್ತು ಬಿಟ್ಟು ವಿದ್ಯುತ್ ಶುಲ್ಕವನ್ನಷ್ಟೇ ಹಿಡಿದರೆ, 2022-23ರ ಮೆಟ್ಟಿಲು ದರದಲ್ಲಿ 68 ಯೂನಿಟ್‌ಗೆ 308.30 ರೂಪಾಯಿ. ಉಳಿತಾಯ 1,386.20, ಅಂದರೆ ಸೌರ ಯೂನಿಟ್ ಒಂದಕ್ಕೆ 7.22. ಫಲಕಗಳು ಮೊದಲು ಕರಗಿಸುವುದು 8.20 ರೂಪಾಯಿಯ ಮೇಲಿನ ಮೆಟ್ಟಿಲನ್ನು, ಆಮೇಲೆ ಕೆಳಗಿನವನ್ನು. ಅದಕ್ಕೇ ಸರಾಸರಿ 6.52 ಇದ್ದರೂ ಉಳಿತಾಯ ಅದಕ್ಕಿಂತ ಹೆಚ್ಚು ಬಂತು. 2023-24ರ ಜಿಗಿತದ ದರದಲ್ಲಿ 1,820 ರೂಪಾಯಿಯ ಶುಲ್ಕ 323ಕ್ಕೆ ಇಳಿಯುತ್ತದೆ. ಯೂನಿಟ್‌ಗೆ 7.80 ಉಳಿದಂತಾಯಿತು. ಇದು ಆ ಪಟ್ಟಿಯ ಅತಿ ಹೆಚ್ಚಿನ ದರವಾದ 7 ರೂಪಾಯಿಗಿಂತಲೂ ಹೆಚ್ಚು, ಏಕೆಂದರೆ 100ರ ಕೆಳಗೆ ಬಂದಾಗ ಉಳಿದ 68 ಯೂನಿಟ್‌ಗಳೂ ಅಗ್ಗವಾದವು. 2025-26ರ ಒಂದೇ ದರದಲ್ಲಿ ಉಳಿಯುವುದು 1,113.60, ಯೂನಿಟ್‌ಗೆ 5.80. ತಾರಸಿ ಅದೇ, ಬಿಸಿಲು ಅದೇ. ದರಪಟ್ಟಿಯ ರಚನೆಯೊಂದೇ ಬದಲಾಗಿ ಸೌರ ಯೂನಿಟ್‌ನ ಬೆಲೆ ಇಷ್ಟು ಏರಿಳಿಯಿತು. ಉಳಿತಾಯವನ್ನು ಎರಡು ಬಿಲ್‌ಗಳ ವ್ಯತ್ಯಾಸವಾಗಿಯೇ ಲೆಕ್ಕ ಹಾಕಬೇಕು ಎನ್ನುವುದಕ್ಕೆ ಕಾರಣ ಇದು.

## ಗೃಹಜ್ಯೋತಿ ತಂದ ಅಂಚು

ದರಪಟ್ಟಿಯಿಂದ ಸ್ಲ್ಯಾಬ್ ಹೋದರೂ ರಾಜ್ಯದ ಬಹಳಷ್ಟು ಮನೆಗಳಿಗೆ ಒಂದು ದೊಡ್ಡ ಜಿಗಿತ ಉಳಿದಿದೆ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, 2022-23ರ ಸರಾಸರಿ ತಿಂಗಳ ಬಳಕೆಗೆ ಶೇ. 10 ಸೇರಿಸಿ ಪ್ರತಿ ಮನೆಗೆ ಅರ್ಹ ಯೂನಿಟ್ ಗೊತ್ತುಮಾಡಿದರು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗಳಿಗೆ ಆಮೇಲೆ ಶೇ. 10ರ ಬದಲು 10 ಯೂನಿಟ್ ಸೇರಿಸುವ ತಿದ್ದುಪಡಿ ಬಂತು. ಅರ್ಹ ಮಿತಿಯೊಳಗೆ ಬಳಸಿದರೆ ಬಿಲ್ ಸೊನ್ನೆ. ಮಿತಿ ಮೀರಿ 200ರೊಳಗೆ ಇದ್ದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್.

ಸರಾಸರಿ 120 ಯೂನಿಟ್ ಇದ್ದ ಮನೆಯ ಅರ್ಹ ಮಿತಿ 132. ಆ ಮನೆ 200 ಯೂನಿಟ್ ಬಳಸಿದರೆ 68 ಯೂನಿಟ್‌ಗೆ, 6.682ರಂತೆ, ಸುಮಾರು 454 ರೂಪಾಯಿ. 201 ಬಳಸಿದರೆ ಅಷ್ಟೂ ಯೂನಿಟ್‌ಗೆ 1,343 ಮತ್ತು ಮೂರು ಕಿಲೋವ್ಯಾಟ್ ಲೋಡಿನ 435 ಸೇರಿ 1,778 ರೂಪಾಯಿ. ಅಂದಾಜು ಪ್ರೋಗ್ರಾಮಿನಲ್ಲಿ ಈ ಮೂರು ಹಂತಗಳನ್ನು ದರಪಟ್ಟಿಯಿಂದ ಬೇರೆಯಾಗಿ, ಕೊನೆಯಲ್ಲಿ ಪರೀಕ್ಷಿಸುವ ನಿಯಮವಾಗಿ ಬರೆಯುವುದು ಒಳ್ಳೆಯದು. ದರ ಬದಲಾಗುವ ಹೊತ್ತು ಬೇರೆ, ಯೋಜನೆಯ ನಿಯಮ ಬದಲಾಗುವ ಹೊತ್ತು ಬೇರೆ.

ಸೌರ ಘಟಕದ ಲೆಕ್ಕಕ್ಕೆ ಇದರಿಂದ ಒಂದು ನೇರ ಮಾತು ಹೊರಡುತ್ತದೆ. ಈಗಾಗಲೇ ಸೊನ್ನೆ ಬಿಲ್ ಬರುವ ಮನೆಗೆ ಕಡಿಮೆ ಮಾಡಲು ಬಿಲ್ಲೇ ಇಲ್ಲ, ಹಾಗಾಗಿ ಬಿಲ್ ಉಳಿತಾಯದಿಂದ ಹೂಡಿಕೆ ಮರಳುವುದೂ ಇಲ್ಲ. ಮುಂದಿನ ಉದಾಹರಣೆಯ ಮನೆ ಪ್ರತಿ ತಿಂಗಳೂ 200 ದಾಟುವ ಮನೆ. ಸೌರ ಘಟಕ ಹಾಕಿಸಿದ ಮೇಲೆ ಅದು ಯೋಜನೆಯ ಒಳಗೆ ಬರಬಹುದೆಂಬ ಲಾಭವನ್ನು ಲೆಕ್ಕಕ್ಕೆ ಹಿಡಿದಿಲ್ಲ.

## ಅಂದಾಜಿನ ರಚನೆ

ಒಳ್ಳೆಯ ಅಂದಾಜು ಪ್ರೋಗ್ರಾಮಿನಲ್ಲಿ ದರಗಳು ಒಂದು ಕಡೆ, ಲೆಕ್ಕದ ಕ್ರಮ ಇನ್ನೊಂದು ಕಡೆ ಇರುತ್ತವೆ. ಹೊಸ ದರ ಆದೇಶ ಬಂದಾಗ ಪಟ್ಟಿಯನ್ನಷ್ಟೇ ತಿದ್ದಿದರೆ ಸಾಕು. ಮೆಟ್ಟಿಲು ಪದ್ಧತಿಗೆ ಪೈಥಾನ್ ಭಾಷೆಯಲ್ಲಿ ಇಷ್ಟು ಸಾಕಾಗುತ್ತದೆ:

```python
INF = float("inf")
OLD = [(50, 4.15), (100, 5.60), (200, 7.15), (INF, 8.20)]
NOW = [(INF, 5.80)]

def energy(units, slabs):
    total, lower = 0.0, 0
    for upper, rate in slabs:
        if units > lower:
            total += (min(units, upper) - lower) * rate
        lower = upper
    return total

def bill(units, kw, slabs=NOW, fixed=145, extra=0.36, tax=0.09):
    return kw * fixed + energy(units, slabs) * (1 + tax) + units * extra
```

ಇಲ್ಲಿ `OLD` ಎಂಬುದು 2022-23ರ ಸ್ಲ್ಯಾಬ್‌ಗಳು, `NOW` ಎಂಬುದು 2025-26ರ ಒಂದೇ ದರ. `extra` ಎಂಬಲ್ಲಿ ಪಿಂಚಣಿ ಬಾಬ್ತಿನ ಜೊತೆ ಆ ತಿಂಗಳ ಹೊಂದಾಣಿಕೆ ಶುಲ್ಕವನ್ನೂ ಕೂಡಿಸಬಹುದು. ಬರೆದದ್ದು ಸರಿಯೇ ಎಂದು ನೋಡಲು ಸ್ಲ್ಯಾಬಿನ ಅಂಚುಗಳಲ್ಲಿ ಪರೀಕ್ಷಿಸಬೇಕು: `energy(50, OLD)` 207.50, 100ಕ್ಕೆ 487.50, 200ಕ್ಕೆ 1,202.50 ಬರಬೇಕು. `bill(0, 3)` ಎಂದರೆ 435 ಬರಬೇಕು, `bill(260, 3)` ಎಂದರೆ 2,172.32. ಅಂಚಿನಲ್ಲಿ ಒಂದು ಯೂನಿಟ್‌ನಷ್ಟು ವ್ಯತ್ಯಾಸ ಬಂದರೆ ಸ್ಲ್ಯಾಬಿನ ಮಿತಿಯ ಯೂನಿಟನ್ನು ಎರಡು ಸಲ ಎಣಿಸಲಾಗಿದೆ ಅಥವಾ ಬಿಟ್ಟುಬಿಡಲಾಗಿದೆ ಎಂದು ತಿಳಿಯಬೇಕು. 51ರಿಂದ 100 ಎಂದು ಮುದ್ರಿಸಿದ್ದನ್ನು ನೋಡಿ 100ರಿಂದ 51 ಕಳೆದು 49 ಎಂದು ಬರೆಯುವುದು ಸಾಮಾನ್ಯ ತಪ್ಪು.

ಬಿಲ್ಲಿನ ದಿನಗಳನ್ನೂ ಗಮನಿಸಬೇಕು. ಮೀಟರ್ ರೀಡರ್ ಯಾವುದೋ ತಿಂಗಳಲ್ಲಿ ತಡವಾಗಿ ಬಂದು 35 ದಿನಕ್ಕೆ ರೀಡಿಂಗ್ ತೆಗೆದರೆ, ಸ್ಲ್ಯಾಬ್ ಇರುವ ದರಪಟ್ಟಿಯಲ್ಲಿ ಮಿತಿಗಳೂ ಅದೇ ಪ್ರಮಾಣದಲ್ಲಿ ಹಿಗ್ಗಬೇಕು. ಇಲ್ಲದಿದ್ದರೆ ಐದು ದಿನದ ಹೆಚ್ಚುವರಿ ಯೂನಿಟ್‌ಗಳೆಲ್ಲ ಮೇಲಿನ ದರಕ್ಕೆ ಹೋಗಿ ಬೀಳುತ್ತವೆ. ಹಿಂದಿನ ಬಾಕಿ, ಬಡ್ಡಿ, ಠೇವಣಿ ಹೊಂದಾಣಿಕೆಗಳು ಬಿಲ್ಲಿನಲ್ಲಿದ್ದರೆ ಅವನ್ನು ಕಳೆದು ಆ ತಿಂಗಳ ಬೇಡಿಕೆಯನ್ನು ಮಾತ್ರ ಅಂದಾಜಿಗೆ ಹೋಲಿಸಬೇಕು.

## ನೆಟ್ ಮೀಟರ್ ಹೇಗೆ ಓದುತ್ತದೆ

ಚಾವಣಿ ಘಟಕ ಹಾಕಿಸಿದ ಮನೆಗೆ ದ್ವಿಮುಖ ಮೀಟರ್ ಬರುತ್ತದೆ. ಅದು ಎರಡು ಅಂಕಿಗಳನ್ನು ತೋರಿಸುತ್ತದೆ: ಜಾಲದಿಂದ ಮನೆಯೊಳಗೆ ಬಂದದ್ದು ಮತ್ತು ಮನೆಯಿಂದ ಜಾಲಕ್ಕೆ ಹೋದದ್ದು. ಫಲಕಗಳು ಒಟ್ಟು ಎಷ್ಟು ಉತ್ಪಾದಿಸಿದವು ಎಂಬುದು ಈ ಮೀಟರ್‌ಗೆ ಗೊತ್ತಿಲ್ಲ. ಅದು ಇನ್ವರ್ಟರ್‌ನ ಪರದೆಯಲ್ಲಿ ಇರುತ್ತದೆ.

ಜೂನ್ ತಿಂಗಳ ಮನೆಯನ್ನೇ ಮತ್ತೆ ನೋಡೋಣ. ಫಲಕಗಳು ಕೊಟ್ಟ 192 ಯೂನಿಟ್‌ನಲ್ಲಿ 70 ಯೂನಿಟ್ ಹಗಲಿನಲ್ಲೇ ಫ್ರಿಜ್, ಪಂಪು, ಮಿಕ್ಸಿ, ಫ್ಯಾನ್‌ಗಳಿಗೆ ನೇರವಾಗಿ ಖರ್ಚಾಯಿತು ಎನ್ನೋಣ. ಉಳಿದ 122 ಜಾಲಕ್ಕೆ ಹೋಯಿತು. ಮನೆಯ ಬಳಕೆ 260, ಅದರಲ್ಲಿ 70 ಫಲಕದಿಂದಲೇ ಬಂದಿದ್ದರಿಂದ ಜಾಲದಿಂದ ಬಂದದ್ದು 190. ಬಿಲ್ಲಿನಲ್ಲಿ 190ರಿಂದ 122 ಕಳೆದು 68 ಯೂನಿಟ್ ಎಂದು ಬರುತ್ತದೆ. ಮೀಟರ್‌ನಲ್ಲಿ 122 ಮಾತ್ರ ಕಂಡು, 192 ಕೊಡಬೇಕಾದ ಘಟಕ ಕೆಟ್ಟಿದೆ ಎಂದು ಗಾಬರಿಪಡುವವರಿದ್ದಾರೆ. ಹಗಲಲ್ಲಿ ಬಳಸಿದ 70 ಯೂನಿಟ್ ಮೀಟರ್ ದಾಟಲೇ ಇಲ್ಲ ಎಂಬುದು ತಿಳಿದರೆ ಲೆಕ್ಕ ಕೂಡುತ್ತದೆ.

ಒಂದು ತಿಂಗಳಲ್ಲಿ ಜಾಲಕ್ಕೆ ಹೋದದ್ದೇ ಹೆಚ್ಚಾದರೆ ಆ ಹೆಚ್ಚುವರಿ ಯೂನಿಟ್‌ಗಳಿಗೆ ಎಸ್ಕಾಂ ಒಪ್ಪಂದದಲ್ಲಿ ಬರೆದ ದರ ಕೊಡುತ್ತದೆ. ಸಬ್ಸಿಡಿ ಪಡೆದ ಮನೆಗಳಿಗೆ ಈ ದರ ನಾವು ಯೂನಿಟ್‌ಗೆ ಕಟ್ಟುವ ದರಕ್ಕಿಂತ ಬಹಳ ಕಡಿಮೆ. ಉದಾಹರಣೆಗಾಗಿ ಇಲ್ಲಿ 2.50 ರೂಪಾಯಿ ಎಂದು ಇಟ್ಟುಕೊಂಡಿದೆ. ಅವರವರ ಒಪ್ಪಂದದ ದರವನ್ನು ಈ ಜಾಗದಲ್ಲಿ ಹಾಕಿಕೊಳ್ಳಬೇಕು. ಹೀಗೆ ಸೌರ ಯೂನಿಟ್‌ಗೆ ಎರಡು ಬೆಲೆ ಬಂತು: ಮನೆಯ ಬಳಕೆಯನ್ನು ತುಂಬಿಸುವ ಯೂನಿಟ್‌ಗೆ 6.68, ಬಳಕೆ ಮೀರಿದ ಯೂನಿಟ್‌ಗೆ 2.50.

## ಒಂದು ಮನೆಯ ವರ್ಷದ ಲೆಕ್ಕ

ಬೆಂಗಳೂರಿನ ಹವೆಯಲ್ಲಿ ನೆರಳಿಲ್ಲದ ಜಾಗದಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷಕ್ಕೆ 1,350 ಯೂನಿಟ್ ಕೊಡುತ್ತದೆ ಎಂದು ಹಿಡಿಯುವುದು ಎಚ್ಚರದ ಅಂದಾಜು. ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ತಾರಸಿ ಬೇಕು. ಮಾರ್ಚ್‌ನಲ್ಲಿ ಉತ್ಪಾದನೆ ಹೆಚ್ಚು, ಮುಂಗಾರಿನ ಮೋಡದಲ್ಲಿ ಕಡಿಮೆ. ಕೆಳಗಿನ ಪಟ್ಟಿ ಮೂರು ಕಿಲೋವ್ಯಾಟ್ ಲೋಡ್ ಇರುವ, ವರ್ಷಕ್ಕೆ 3,120 ಯೂನಿಟ್ ಬಳಸುವ ಉದಾಹರಣೆಯ ಮನೆಯದು. ತಾರಸಿಯ ಮೇಲೆ ಎರಡು ಕಿಲೋವ್ಯಾಟ್ ಘಟಕ ಇದೆ. ಕೊನೆಯ ಅಂಕಣದಲ್ಲಿ ಕಳೆಯುವ ಚಿಹ್ನೆ ಇದ್ದರೆ ಅದು ಹೆಚ್ಚುವರಿ.

| ತಿಂಗಳು | ಬಳಕೆ | ಉತ್ಪಾದನೆ | ಬಿಲ್ ಆಗುವ ಯೂನಿಟ್ |
|---|---|---|---|
| ಜನವರಿ | 235 | 250 | −15 |
| ಫೆಬ್ರವರಿ | 240 | 248 | −8 |
| ಮಾರ್ಚ್ | 290 | 274 | 16 |
| ಏಪ್ರಿಲ್ | 310 | 256 | 54 |
| ಮೇ | 305 | 242 | 63 |
| ಜೂನ್ | 260 | 192 | 68 |
| ಜುಲೈ | 245 | 182 | 63 |
| ಆಗಸ್ಟ್ | 245 | 188 | 57 |
| ಸೆಪ್ಟೆಂಬರ್ | 245 | 206 | 39 |
| ಅಕ್ಟೋಬರ್ | 250 | 212 | 38 |
| ನವೆಂಬರ್ | 245 | 216 | 29 |
| ಡಿಸೆಂಬರ್ | 250 | 234 | 16 |

ವರ್ಷದ 2,700 ಯೂನಿಟ್ ಉತ್ಪಾದನೆಯಲ್ಲಿ 2,677 ಯೂನಿಟ್ ಮನೆಯ ಬಳಕೆಯನ್ನು ತುಂಬಿಸಿತು, 23 ಮಾತ್ರ ಹೆಚ್ಚುವರಿಯಾಯಿತು. ಉಳಿತಾಯ 17,888 ಮತ್ತು ಹೆಚ್ಚುವರಿಯ 57 ಸೇರಿ ವರ್ಷಕ್ಕೆ ಸುಮಾರು 17,945 ರೂಪಾಯಿ.

ಅದೇ ಮನೆಗೆ ಮೂರು ಕಿಲೋವ್ಯಾಟ್ ಹಾಕಿಸಿದರೆ ಉತ್ಪಾದನೆ 4,050 ಯೂನಿಟ್. ಈಗ ಮಳೆಗಾಲ ಸೇರಿ ಪ್ರತಿ ತಿಂಗಳೂ ಉತ್ಪಾದನೆ ಬಳಕೆಯನ್ನು ಮೀರುತ್ತದೆ. 3,120 ಯೂನಿಟ್ ಬಳಕೆಯೆಲ್ಲ ತುಂಬಿ 20,848 ರೂಪಾಯಿ ಉಳಿಯುತ್ತದೆ, 930 ಹೆಚ್ಚುವರಿ ಯೂನಿಟ್‌ಗೆ 2,325 ಬರುತ್ತದೆ. ಒಟ್ಟು 23,173. ಆದರೂ ವರ್ಷಕ್ಕೆ 5,220 ರೂಪಾಯಿ ನಿಗದಿತ ಶುಲ್ಕ ಹಾಗೆಯೇ ಉಳಿಯುತ್ತದೆ. ಮೊದಲ ಎರಡು ಕಿಲೋವ್ಯಾಟ್ ತಲಾ ಒಂಬತ್ತು ಸಾವಿರದ ಹತ್ತಿರ ದುಡಿದರೆ, ಮೂರನೆಯದು ದುಡಿದದ್ದು 5,228 ರೂಪಾಯಿ.

## ಹೂಡಿಕೆ ಮರಳುವ ಅವಧಿ

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಗಳಿಗೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000 ರೂಪಾಯಿ ಸಬ್ಸಿಡಿ ಇದೆ. ಮೂರು ಕಿಲೋವ್ಯಾಟ್ ಮೀರಿದರೂ 78,000ಕ್ಕಿಂತ ಹೆಚ್ಚು ಸಿಗುವುದಿಲ್ಲ. ಮಾರಾಟಗಾರರ ಕೊಟೇಶನ್ ಎರಡು ಕಿಲೋವ್ಯಾಟ್‌ಗೆ 1,40,000, ಮೂರಕ್ಕೆ 1,95,000 ಎಂದು ಉದಾಹರಣೆಗೆ ಇಟ್ಟುಕೊಂಡರೆ, ಸಬ್ಸಿಡಿ ಕಳೆದು ಕೈಯಿಂದ ಹೋಗುವುದು 80,000 ಮತ್ತು 1,17,000 ರೂಪಾಯಿ. ಸಬ್ಸಿಡಿ ಘಟಕ ಚಾಲೂ ಆದ ಮೇಲೆ ಗ್ರಾಹಕರ ಖಾತೆಗೆ ಬರುವುದರಿಂದ ಆರಂಭದಲ್ಲಿ ಪೂರ್ತಿ ಹಣ ಹೊಂದಿಸಿಕೊಂಡಿರಬೇಕು.

ಹೂಡಿಕೆಯನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಎರಡು ಕಿಲೋವ್ಯಾಟ್‌ಗೆ ಸುಮಾರು ನಾಲ್ಕೂವರೆ ವರ್ಷ, ಮೂರಕ್ಕೆ ಐದು ವರ್ಷ. ಎರಡೂ ಹತ್ತಿರ ಹತ್ತಿರ ಇವೆಯಲ್ಲ, ದೊಡ್ಡದನ್ನೇ ಹಾಕಿಸೋಣ ಎನಿಸುವುದು ಸಹಜ. ಮೂರನೆಯ ಕಿಲೋವ್ಯಾಟನ್ನು ಬೇರೆಯಾಗಿ ನೋಡಿದರೆ ಚಿತ್ರ ಬದಲಾಗುತ್ತದೆ: ಅದಕ್ಕೆ ಹೆಚ್ಚು ಹಾಕಿದ್ದು 37,000, ಅದು ತರುವುದು 5,228. ಮರಳಲು ಏಳು ವರ್ಷ. ಒಟ್ಟು ಘಟಕದ ಅವಧಿ ನೋಡುವುದರ ಜೊತೆಗೆ ಕೊನೆಯ ಕಿಲೋವ್ಯಾಟ್‌ನ ಅವಧಿಯನ್ನೂ ನೋಡಬೇಕು. ಮನೆಗೆ ಮುಂದೆ ಏಸಿ ಅಥವಾ ಎಲೆಕ್ಟ್ರಿಕ್ ಸ್ಕೂಟರ್ ಬರುವುದಿದ್ದರೆ ಆ ಮೂರನೆಯ ಕಿಲೋವ್ಯಾಟ್‌ನ ಯೂನಿಟ್‌ಗಳು 2.50ರಿಂದ 6.68ರ ಬೆಲೆಗೆ ಏರುತ್ತವೆ, ಆಗ ತೀರ್ಮಾನ ಬೇರೆಯಾಗುತ್ತದೆ.

ಈ ಅಂಕಿಗಳಿಂದ ಕಳೆಯಬೇಕಾದದ್ದೂ ಇದೆ. ಫಲಕ ತೊಳೆಯುವುದು, ಸಣ್ಣ ರಿಪೇರಿ ಎಂದು ವರ್ಷಕ್ಕೆ 1,500 ರೂಪಾಯಿ ತೆಗೆದಿಟ್ಟರೆ ಎರಡು ಕಿಲೋವ್ಯಾಟ್ ಘಟಕದ ಅವಧಿ 4.9 ವರ್ಷವಾಗುತ್ತದೆ, ಮೂರರದು 5.4. ಅದೇ ಹಣ ಬ್ಯಾಂಕಿನಲ್ಲಿದ್ದರೆ ಶೇ. 7 ಬಡ್ಡಿ ಬರುತ್ತಿತ್ತು ಎಂದು ಆ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿದರೆ ಎರಡಕ್ಕೆ ಸುಮಾರು 6.2 ವರ್ಷ, ಮೂರಕ್ಕೆ 7 ವರ್ಷ. ಫಲಕಗಳ ಉತ್ಪಾದನೆ ವರ್ಷಕ್ಕೆ ಅರ್ಧ ಶೇಕಡದಷ್ಟು ಇಳಿಯುತ್ತ ಹೋಗುತ್ತದೆ. ಈ ಅವಧಿಯೊಳಗೆ ಅದರ ಪರಿಣಾಮ ಹೆಚ್ಚೆಂದರೆ ಒಂದೆರಡು ತಿಂಗಳು. ಫಲಕಗಳಿಗೆ 25 ವರ್ಷದ ಉತ್ಪಾದನಾ ಖಾತರಿ ಇರುತ್ತದೆ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ಆ 25 ವರ್ಷದ ನಡುವೆ ಒಮ್ಮೆಯಾದರೂ ಬದಲಿಸಬೇಕಾಗುತ್ತದೆ. ಅದು ಹೂಡಿಕೆ ಮರಳಿದ ಮೇಲಿನ ಖರ್ಚಾದರೂ ಒಟ್ಟು ಲಾಭದಿಂದ ಕಳೆಯಲೇಬೇಕಾದದ್ದು.

## ಲೆಕ್ಕ ತಪ್ಪುವ ಎಡೆಗಳು

ಕೊಟೇಶನ್‌ಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಆರಂಭದಲ್ಲಿ ಹೇಳಿದ ಸರಾಸರಿ ದರದ್ದು. 8.36 ರೂಪಾಯಿಯನ್ನು 4,050 ಯೂನಿಟ್‌ಗೆ ಗುಣಿಸಿದರೆ ವರ್ಷಕ್ಕೆ 33,858 ರೂಪಾಯಿ ಉಳಿತಾಯ, ಮೂರೂವರೆ ವರ್ಷದಲ್ಲಿ ಹಣ ವಾಪಸು ಎಂದು ತೋರುತ್ತದೆ. ನಿಜವಾದ ಉಳಿತಾಯ 23,173. ಇಷ್ಟು ದೊಡ್ಡ ಅಂತರ ಎರಡು ಕಡೆಯಿಂದ ಬಂದಿದೆ: ನಿಗದಿತ ಶುಲ್ಕವೂ ಉಳಿಯುತ್ತದೆ ಎಂದು ಹಿಡಿದದ್ದು ಒಂದು, ಹೆಚ್ಚುವರಿ ಯೂನಿಟ್‌ಗೂ ಪೂರ್ತಿ ಬೆಲೆ ಕಟ್ಟಿದ್ದು ಇನ್ನೊಂದು. ತೋರಿಸಿದ ವಾರ್ಷಿಕ ಉಳಿತಾಯ ನಮ್ಮ ವರ್ಷದ ಒಟ್ಟು ಬಿಲ್ಲಿಗಿಂತಲೂ ಹೆಚ್ಚಿದ್ದರೆ ಆ ಲೆಕ್ಕವನ್ನು ನಂಬಬಾರದು. ಈ ಮನೆಯ ವರ್ಷದ ಬಿಲ್ 26,068 ರೂಪಾಯಿ.

ಎರಡನೆಯದು ವಾರ್ಷಿಕ ಮೊತ್ತದ ಮೇಲೆ ಲೆಕ್ಕ ಹಾಕುವುದು. ಕರ್ನಾಟಕದಲ್ಲಿ ಹೊಂದಾಣಿಕೆ ಬಿಲ್ಲಿನ ತಿಂಗಳೊಳಗೆ ಮುಗಿಯುತ್ತದೆ. ಫೆಬ್ರವರಿಯ ಹೆಚ್ಚುವರಿಯನ್ನು ಮೇ ತಿಂಗಳ ಬಳಕೆಗೆ ಕಳೆಯಲಾಗುವುದಿಲ್ಲ. ನಮ್ಮ ಉದಾಹರಣೆಯ ಎರಡು ಕಿಲೋವ್ಯಾಟ್ ಘಟಕಕ್ಕೆ ಇದರ ವ್ಯತ್ಯಾಸ ನೂರು ರೂಪಾಯಿಯ ಆಸುಪಾಸು. ಬೇಸಿಗೆಯಲ್ಲಿ ಏಸಿ ಓಡಿಸಿ ಉಳಿದ ತಿಂಗಳಲ್ಲಿ ಬಾಗಿಲು ಹಾಕಿರುವ ಮನೆಗೆ ಅದು ಸಾವಿರಗಳಿಗೆ ಏರುತ್ತದೆ.

ಮೂರನೆಯದು ತಾರಸಿಯಲ್ಲಿರುವ ತೊಂದರೆ. ನೀರಿನ ಟ್ಯಾಂಕ್, ಪಕ್ಕದ ಮನೆಯ ಮೇಲ್ಮಹಡಿ, ತೆಂಗಿನ ಮರದ ನೆರಳು ಒಂದು ಫಲಕದ ಮೂಲೆಗೆ ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಫಲಕಗಳ ಉತ್ಪಾದನೆಗೂ ಪೆಟ್ಟು ಬೀಳಬಹುದು. ಇದನ್ನು ಪತ್ತೆ ಮಾಡಲು ಮೋಡವಿಲ್ಲದ ದಿನ ಇನ್ವರ್ಟರ್‌ನ ಗಂಟೆವಾರು ರೇಖೆಯನ್ನು ನೋಡಬೇಕು. ನಡುಹಗಲಿಗೆ ಏರಿ ಇಳಿಯುವ ನುಣುಪಾದ ಕಮಾನು ಇದ್ದರೆ ಸರಿ. ಪ್ರತಿದಿನ ಒಂದೇ ಹೊತ್ತಿಗೆ ಹಳ್ಳ ಬೀಳುತ್ತಿದ್ದರೆ ಅದು ನೆರಳು. ಕಮಾನಿನ ಆಕಾರ ಚೆನ್ನಾಗಿದ್ದು ಎತ್ತರ ಮಾತ್ರ ವಾರದಿಂದ ವಾರಕ್ಕೆ ಇಳಿಯುತ್ತಿದ್ದು, ತೊಳೆದ ಮರುದಿನ ಮೇಲೆದ್ದರೆ ಅದು ಧೂಳು. ಮಧ್ಯಾಹ್ನ ರೇಖೆ ಏಕಾಏಕಿ ಸೊನ್ನೆಗೆ ಬಿದ್ದು ಮತ್ತೆ ಎದ್ದರೆ ಆ ಹೊತ್ತಿಗೆ ಕರೆಂಟ್ ಹೋಗಿತ್ತೇ ಎಂದು ನೋಡಬೇಕು. ಜಾಲಕ್ಕೆ ಜೋಡಿಸಿದ, ಬ್ಯಾಟರಿ ಇಲ್ಲದ ಇನ್ವರ್ಟರ್ ಜಾಲದಲ್ಲಿ ವಿದ್ಯುತ್ ಇಲ್ಲದಾಗ ತಾನೂ ನಿಲ್ಲುತ್ತದೆ. ತಂತಿಯ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗಳ ಸುರಕ್ಷತೆಗಾಗಿ ಈ ಏರ್ಪಾಡು. ಹಾಗಾಗಿ ಕರೆಂಟ್ ಹೋದಾಗಲೂ ಮನೆ ಬೆಳಗುತ್ತದೆ ಎಂಬ ನಿರೀಕ್ಷೆಗೆ ಈ ಲೆಕ್ಕದಲ್ಲಿ ಬೆಲೆ ಕಟ್ಟಬಾರದು. ಹಗಲು ಕಡಿತ ಹೆಚ್ಚಿರುವ ಊರಿನಲ್ಲಿ ಆ ಗಂಟೆಗಳ ಉತ್ಪಾದನೆಯನ್ನು ಕಳೆದೇ ಲೆಕ್ಕ ಹಾಕಬೇಕು.

ಎಲ್ಲಕ್ಕಿಂತ ದೊಡ್ಡ ಅನಿಶ್ಚಿತತೆ ದರಪಟ್ಟಿಯದೇ. ಮೂರು ವರ್ಷದಲ್ಲಿ ಮೆಟ್ಟಿಲು, ಜಿಗಿತ, ಒಂದೇ ದರ ಎಂದು ಮೂರು ರಚನೆ ಕಂಡ ರಾಜ್ಯದಲ್ಲಿ ಇಂದಿನ ಅಂಚಿನ ದರ 25 ವರ್ಷ ನಿಲ್ಲುತ್ತದೆ ಎಂದಾಗಲಿ, ವರ್ಷವರ್ಷ ಏರುತ್ತದೆ ಎಂದಾಗಲಿ ಹಿಡಿಯಲು ಆಧಾರವಿಲ್ಲ. ವಿದ್ಯುತ್ ಶುಲ್ಕ ಒಂದು ರೂಪಾಯಿ ಇಳಿದು 4.80 ಆದರೆ ಅಂಚಿನ ದರ 5.59 ಆಗುತ್ತದೆ. ಆಗ ಎರಡು ಕಿಲೋವ್ಯಾಟ್ ಘಟಕದ ಉಳಿತಾಯ ವರ್ಷಕ್ಕೆ 15,027ಕ್ಕೆ ಇಳಿದು, ನಾಲ್ಕೂವರೆ ವರ್ಷದ ಅವಧಿ 5.3 ವರ್ಷಕ್ಕೆ ಹೋಗುತ್ತದೆ. ಇಂದಿನ ದರ, ಒಂದು ರೂಪಾಯಿ ಕಡಿಮೆ ದರ, ಒಂದು ರೂಪಾಯಿ ಹೆಚ್ಚು ದರ ಎಂದು ಮೂರು ಸಲ ಲೆಕ್ಕ ಹಾಕಿ, ಕಡಿಮೆ ದರದಲ್ಲೂ ಒಪ್ಪಿಗೆಯಾಗುವ ಅವಧಿ ಬಂದರೆ ಹಾಕಿಸುವ ತೀರ್ಮಾನ ಗಟ್ಟಿ. ಹೊಸ ದರ ಆದೇಶ ಹೊರಬಿದ್ದ ಪ್ರತಿ ಸಲವೂ ಪಟ್ಟಿ ತಿದ್ದಿ ಮತ್ತೆ ಲೆಕ್ಕ ಹಾಕಬೇಕು.